99.96 ಫಿಡೆಲಿಟಿ ಅಂತ ಬರೆಯುವ ಮುಂಚೆ ನಾನು ನೋಡುವುದು

ಕ್ವಾಂಟಮ್ ಕಂಪ್ಯೂಟರ್‌ನ ಬಿಟ್ ಅಂದರೆ ಕ್ಯೂಬಿಟ್, ಅದರ ಮೇಲೆ ಮಾಡುವ ಒಂದೊಂದು ಕೆಲಸ ಗೇಟ್. ಆ ಗೇಟ್ ಎಷ್ಟು ಚೆನ್ನಾಗಿದೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಫಿಡೆಲಿಟಿ ಅನ್ನುವ ಒಂದೇ ಒಂದು ಅಂಕಿ, ಶೇಕಡಾ 99.9 ಚಿಲ್ಲರೆ ಅಂತ. ಅದು ಹೆಚ್ಚಾಗಿ ಬರುವುದು ರ‍್ಯಾಂಡಮೈಸ್ಡ್ ಬೆಂಚ್‌ಮಾರ್ಕಿಂಗ್‌ನಿಂದ, ಅಂದರೆ ಆರ್‌ಬಿಯಿಂದ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಮೇಲೆ ಇದನ್ನು ನಾನು ಆಗಾಗ ಓಡಿಸುತ್ತೇನೆ. ಹೇಗೆ ಮಾಡುತ್ತೇನೆ, ಬಂದ ಅಂಕಿಯನ್ನು ಎಷ್ಟು ನಂಬುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಗೇಟ್ ಹಾಕಿ ನೇರವಾಗಿ ಅಳೆಯೋಣ ಅಂದರೆ ಆಗುವುದಿಲ್ಲ. ಕ್ಯೂಬಿಟ್ 0 ಅಥವಾ 1 ಅಂತ ಓದುವ ರೀಡೌಟ್‌ನಲ್ಲೇ ಶೇಕಡಾ ಒಂದೆರಡು ತಪ್ಪಿದ್ದರೆ, ಗೇಟ್‌ನ ಶೇಕಡಾ 0.04ರ ತಪ್ಪು ಅದರಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ತಪ್ಪು ಕಾಣುವಷ್ಟು ಬೆಳೆಯಲು ಬಿಡಬೇಕು. ಒಂದು ಕ್ಯೂಬಿಟ್‌ಗೆ ಕ್ಲಿಫರ್ಡ್ ಅನ್ನುವ ಗುಂಪಿನ 24 ಗೇಟ್‌ಗಳಿವೆ. ಅವುಗಳಿಂದ ರ‍್ಯಾಂಡಮ್ ಆಗಿ m ಗೇಟ್ ಆರಿಸಿ ಸಾಲಾಗಿ ಹಾಕುತ್ತೇನೆ, ಕೊನೆಗೆ ಅಷ್ಟನ್ನೂ ಒಟ್ಟಿಗೆ ರದ್ದು ಮಾಡುವ ಒಂದು ಗೇಟ್ ಹಾಕುತ್ತೇನೆ. ಎಲ್ಲ ಸರಿಯಿದ್ದರೆ ಕ್ಯೂಬಿಟ್ 0ಗೆ ವಾಪಸ್ ಬರಬೇಕು. ಪ್ರತಿ ಉದ್ದಕ್ಕೂ ಬೇರೆ ಬೇರೆ ಸರಣಿ ತೆಗೆದುಕೊಂಡು, ವಾಪಸ್ ಬಂದ ಪ್ರಮಾಣದ ಸರಾಸರಿಯನ್ನು ಇದಕ್ಕೆ ಫಿಟ್ ಮಾಡುತ್ತೇನೆ:

```
P(m) = A * p**m + B
r = (1 - p) / 2
```

ರೀಡೌಟ್‌ನ ತಪ್ಪೆಲ್ಲ A ಮತ್ತು Bಗೆ ಹೋಗುತ್ತದೆ, pಗೆ ಅಂಟುವುದಿಲ್ಲ. ಆರ್‌ಬಿಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ. ಆದರೆ ಗ್ರಾಫ್ ಕೆಳಗಿಳಿದು ಚಪ್ಪಟೆಯಾಗುವವರೆಗೆ ಉದ್ದ ಹೆಚ್ಚಿಸಲೇಬೇಕು. p 0.9985 ಇದ್ದರೆ 200 ಗೇಟ್‌ಗೆ ನಿಲ್ಲಿಸಿ ಫಿಟ್ ಮಾಡಬಾರದು. ಅಲ್ಲಿ ಗ್ರಾಫ್ ಇನ್ನೂ ಹೆಚ್ಚುಕಡಿಮೆ ನೇರ ಗೆರೆಯಂತೆ ಇರುತ್ತದೆ, Bಯನ್ನು ಎಲ್ಲಿ ಬೇಕಾದರೂ ಇಟ್ಟು ಅದಕ್ಕೆ ತಕ್ಕ p ತೆಗೆಯಬಹುದು. ನಾನು 2000ದವರೆಗೆ ಹೋಗುತ್ತೇನೆ.

ಈಗ ಇದೇ 0.9985 ಇಟ್ಟುಕೊಂಡು ಲೆಕ್ಕ ಹಾಕೋಣ. r 0.00075 ಬರುತ್ತದೆ. ಆದರೆ ಇದು ಒಂದು ಕ್ಲಿಫರ್ಡ್‌ನ ತಪ್ಪು, ಗೇಟ್ ನಡೆಸಲು ಕಳಿಸುವ ಒಂದು ಮೈಕ್ರೋವೇವ್ ಪಲ್ಸ್‌ನದಲ್ಲ. ಕ್ಯೂಬಿಟ್‌ನ ಸ್ಥಿತಿಯನ್ನು π ಮತ್ತು π/2 ಕೋನ ತಿರುಗಿಸುವ ಪಲ್ಸ್‌ಗಳಿಂದ ಕಟ್ಟಿ, ಸುಮ್ನೆ ಕಾಯುವ ಗೇಟನ್ನೂ ಒಂದು ಪಲ್ಸ್ ಅಂತ ಎಣಿಸಿದರೆ ಒಂದು ಕ್ಲಿಫರ್ಡ್‌ಗೆ ಸರಾಸರಿ 1.875 ಪಲ್ಸ್ ಬೇಕು. ಭಾಗಿಸಿದರೆ ಪಲ್ಸ್‌ಗೆ 0.0004, ಅಂದರೆ 99.96. ಹಾಗಾಗಿ ಯಾರಾದರೂ ಅಂಕಿ ಹೇಳಿದಾಗ ನನ್ನ ಮೊದಲ ಪ್ರಶ್ನೆ, ಯಾವುದರಿಂದ ಭಾಗಿಸಿದಿರಿ ಅಂತ. ಸುಮ್ನೆ ಕಾಯುವ ಗೇಟನ್ನು ಲೆಕ್ಕದಿಂದ ಬಿಟ್ಟರೆ ಭಾಗಿಸುವ ಅಂಕಿ 1.833 ಆಗುತ್ತದೆ, ಅದನ್ನು ಸೇರಿಸಿ ಭಾಗಿಸಿದಾಗ ಅದೇ ಚಿಪ್ ತುಸು ಚೆನ್ನಾಗಿ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸದೆ ನಾನು ಇನ್ನೊಂದು ಲೆಕ್ಕ ಮಾಡುತ್ತೇನೆ. ಪಲ್ಸ್‌ನ ಅವಧಿ t 35 ನ್ಯಾನೋಸೆಕೆಂಡ್, ಕ್ಯೂಬಿಟ್ 1ರಿಂದ 0ಗೆ ಬೀಳುವ ಕಾಲ T1 ಮತ್ತು ಅದು ತನ್ನ ಫೇಸ್ ಕಳೆದುಕೊಳ್ಳುವ ಕಾಲ T2 ಎರಡೂ 100 ಮೈಕ್ರೋಸೆಕೆಂಡ್ ಅಂದುಕೊಳ್ಳಿ. ಕ್ಯೂಬಿಟ್ ತಾನಾಗಿಯೇ ಸವೆಯುವುದರಿಂದ ಆಗುವ ತಪ್ಪು ಸುಮಾರು t/(6 T1) + t/(3 T2), ಅಂದರೆ 0.000175. ಅಳೆದದ್ದು 0.0004. ಉಳಿದ 0.000225 ಎಲ್ಲಿಂದ ಬಂತು?

ಅದೆಲ್ಲ ಪ್ರತಿ ಪಲ್ಸೂ ಒಂದೇ ಕಡೆಗೆ ಒಂಚೂರು ಜಾಸ್ತಿ ತಿರುಗಿಸುವುದರಿಂದ ಬಂದಿದ್ದರೆ, ಕೋನ ε ಆದಾಗ ಸರಾಸರಿ ತಪ್ಪು ε²/6. ಲೆಕ್ಕ ಹಾಕಿದರೆ ε ಸುಮಾರು 0.037 ರೇಡಿಯನ್, ಎರಡು ಡಿಗ್ರಿಗಿಂತ ತುಸು ಜಾಸ್ತಿ. ಈಗ ರ‍್ಯಾಂಡಮ್ ಬಿಟ್ಟು ಒಂದೇ π ಪಲ್ಸನ್ನು 40 ಸಲ ಹಾಕಿ. ಆರ್‌ಬಿ ಅಂಕಿಯನ್ನು ಸುಮ್ನೆ 40ರಿಂದ ಗುಣಿಸಿದರೆ ಈ ಭಾಗದಿಂದ ಶೇಕಡಾ 0.9 ತಪ್ಪಾಗಬೇಕು. ನಿಜವಾಗಿ ಕೋನಗಳು ಕೂಡುತ್ತಾ ಹೋಗಿ ಸುಮಾರು 1.47 ರೇಡಿಯನ್ ಆಗುತ್ತದೆ. 0ಗೆ ವಾಪಸ್ ಬರಬೇಕಿದ್ದ ಕ್ಯೂಬಿಟ್ ಶೇಕಡಾ 45ರಷ್ಟು ಸಲ 1 ಅಂತ ಓದಿಸುತ್ತದೆ! ರ‍್ಯಾಂಡಮ್ ಸರಣಿಯಲ್ಲಿ ಈ ಕೋನಗಳು ಒಮ್ಮೆ ಆಕಡೆ ಒಮ್ಮೆ ಈಕಡೆ ಎಳೆದು ಸರಾಸರಿಯಲ್ಲಿ ಚದುರಿಹೋಗುತ್ತವೆ, ಆದ್ದರಿಂದ ಗ್ರಾಫ್ ನಯವಾಗಿ ಇಳಿಯುತ್ತದೆ, ಫಿಟ್ ಕೂಡ ಚೆಂದ ಕೂರುತ್ತದೆ. ಅಲ್ಗಾರಿದಮ್‌ಗಳಲ್ಲಿ ಒಂದೇ ತುಂಡು ಮತ್ತೆ ಮತ್ತೆ ಬರುವುದು ಮಾಮೂಲಿ, ಅಲ್ವಾ? ಅಲ್ಲಿ ಯಾವುದೂ ಚದುರುವುದಿಲ್ಲ.

ಅದಕ್ಕೇ ಆರ್‌ಬಿ ಜೊತೆಗೆ ಯಾವಾಗಲೂ ಪಲ್ಸ್ ಸಾಲಿನ ಪರೀಕ್ಷೆಯನ್ನೂ ಮಾಡುತ್ತೇನೆ. ಮೊದಲು ಒಂದು π/2, ಆಮೇಲೆ ಅದೇ ಅಕ್ಷದಲ್ಲಿ π ಪಲ್ಸ್‌ಗಳನ್ನು ಒಂದೊಂದಾಗಿ ಹೆಚ್ಚಿಸುತ್ತಾ ಹೋಗುವುದು. π/2 ಇರುವುದರಿಂದ ಓದುವಿಕೆ ಅರ್ಧದಲ್ಲಿ ಶುರುವಾಗುತ್ತದೆ, ಸಣ್ಣ ಕೋನವೂ ನೇರವಾಗಿ ಕಾಣುತ್ತದೆ. ಅರ್ಧದ ಗೆರೆಯಿಂದ ಓದುವಿಕೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುತ್ತಾ, ಅಂತರ ಹಿಗ್ಗುತ್ತಾ ಹೋದರೆ ಆಂಪ್ಲಿಟ್ಯೂಡ್ ಸರಿಯಿಲ್ಲ ಅಂತ ಅರ್ಥ. ಅದನ್ನು ತಿದ್ದಿ ಮತ್ತೆ ಆರ್‌ಬಿ ಓಡಿಸಿದಾಗ ಅಂಕಿ 0.000175ರ ಹತ್ತಿರಕ್ಕೆ ಇಳಿಯಬೇಕು. ಇಳಿಯದಿದ್ದರೆ ಪಲ್ಸ್‌ನ ಆವರ್ತನ ಕ್ಯೂಬಿಟ್‌ಗೆ ಹೊಂದದಿರುವ ಡಿಟ್ಯೂನಿಂಗ್ ಅಥವಾ ಕ್ಯೂಬಿಟ್ 0, 1 ಬಿಟ್ಟು ಬೇರೆ ಸ್ಥಿತಿಗೆ ಜಾರುವ ಲೀಕೇಜ್ ಕಡೆ ನೋಡುತ್ತೇನೆ.

ಇನ್ನು ಇದೆಲ್ಲ ಪಕ್ಕದ ಕ್ಯೂಬಿಟ್‌ಗಳು ಸುಮ್ಮನಿದ್ದಾಗಿನ ಮಾತು. ಎಲ್ಲ ಕ್ಯೂಬಿಟ್‌ಗಳ ಮೇಲೂ ಒಟ್ಟಿಗೆ ಆರ್‌ಬಿ ಓಡಿಸಿದರೆ ಒಂದರ ಪಲ್ಸ್ ಇನ್ನೊಂದನ್ನು ಕದಡುವ ಕ್ರಾಸ್‌ಟಾಕ್ ಸೇರಿಕೊಂಡು r ಏರಬಹುದು, ಯಾವ ಜೋಡಿಯಲ್ಲಿ ಎಷ್ಟು ಅಂತ ಓಡಿಸಿಯೇ ನೋಡಬೇಕು. ಸರ್ಕ್ಯೂಟ್ ನಡೆಯುವುದು ಎಲ್ಲವೂ ಒಟ್ಟಿಗೆ ಕೆಲಸ ಮಾಡುವಾಗ ತಾನೇ. ಹಾಗಾಗಿ ನನ್ನ ಟೇಬಲ್‌ನಲ್ಲಿ ಪ್ರತಿ ಕ್ಯೂಬಿಟ್‌ಗೂ ಎರಡು ಕಾಲಂ ಇರುತ್ತದೆ, ಒಂಟಿಯಾಗಿ ಅಳೆದದ್ದು ಮತ್ತು ಒಟ್ಟಿಗೆ ಅಳೆದದ್ದು. ಯಾರಾದರೂ ಫಿಡೆಲಿಟಿ ಕೇಳಿದರೆ ನಾನು ಕೊಡುವುದು ಎರಡನೆಯದನ್ನು, ಅಳೆದ ದಿನಾಂಕದ ಸಮೇತ.