ಬಡ್ತಿಯ ಬಾಕಿ ಮತ್ತು ತಪ್ಪು ಕಡಿತ: ಒಂದೇ ಪತ್ರದಲ್ಲಿ ಎರಡನ್ನೂ ವಸೂಲು ಮಾಡಿದ ಬಗೆ

ಬಡ್ತಿಯ ಬಾಕಿ ಹಣಕ್ಕೂ ಸಂಬಳದಲ್ಲಿ ಆದ ಕಡಿತಕ್ಕೂ ಒಂದೇ ಪತ್ರ ಬರೆಯಬಾರದು, ಬರೆದರೆ ಎರಡೂ ಹಳ್ಳ ಹಿಡಿಯುತ್ತವೆ ಎಂದು ನಮ್ಮ ಪಾಳಿಯ ಹಿರಿಯರೆಲ್ಲರೂ ಹೇಳಿದ್ದರು. ನಾನು ಒಂದೇ ಪತ್ರ ಬರೆದೆ ಮತ್ತು ಎರಡೂ ಮೊತ್ತ ಡಿಸೆಂಬರ್ ಸಂಬಳದಲ್ಲಿ ಬಂದವು. ಆಮೇಲೆ ಅದೇ ಹಿರಿಯರಲ್ಲಿ ಇಬ್ಬರು ಪತ್ರದ ನಕಲು ಕೇಳಿಕೊಂಡು ಬಂದದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದೆ. ಜುಲೈ 1ರಿಂದ ಜಾರಿಗೆ ಬರುವಂತೆ ಸೂಪರ್‌ವೈಸರ್ ಬಡ್ತಿ ಸಿಕ್ಕಿತು, ಆದರೆ ಆದೇಶದ ಪತ್ರ ಕೈಗೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಹಳೆಯ ಒಟ್ಟು ಸಂಬಳ 28,400, ಹೊಸದು 34,000. ತಿಂಗಳಿಗೆ 5,600ರ ವ್ಯತ್ಯಾಸ, ಮೂರು ತಿಂಗಳಿಗೆ 16,800 ಬಾಕಿ. ಅಕ್ಟೋಬರ್ ಪೇ ಸ್ಲಿಪ್‌ನಲ್ಲಿ ಹೊಸ ಸಂಬಳವೇನೋ ಬಂದಿತ್ತು, ಆದರೆ ಅರಿಯರ್ಸ್ ಸಾಲಿನಲ್ಲಿ ಸೊನ್ನೆ. ಅದರ ಮೇಲೆ ‘ಅದರ್ ರಿಕವರಿ’ ಎಂಬ ಹೆಸರಿನಲ್ಲಿ ಸುಮಾರು 8,700 ರೂಪಾಯಿ ಕಡಿತವಾಗಿತ್ತು. ಇಂಥ ಸಾಲಿಗೆ ವಿವರಣೆ ಇರುವುದಿಲ್ಲ. ಮೊತ್ತವನ್ನೇ ಹಿಡಿದು ಹಿಂದಕ್ಕೆ ಹೋಗಬೇಕು. ಹಳೆಯ ಸಂಬಳವನ್ನು 26 ದಿನ, 8 ಗಂಟೆಗೆ ಭಾಗಿಸಿ ದುಪ್ಪಟ್ಟು ಮಾಡಿದರೆ ನನ್ನ ಓಟಿ ದರ ಗಂಟೆಗೆ 273ರ ಆಸುಪಾಸು. 8,700ನ್ನು ಅದರಿಂದ ಭಾಗಿಸಿದರೆ ಸುಮಾರು 32 ಗಂಟೆ ಬರುತ್ತದೆ, ಮತ್ತು ಜುಲೈನಿಂದ ಸೆಪ್ಟೆಂಬರ್‌ವರೆಗೆ ನಾನು ಮಾಡಿದ್ದ ಓಟಿಯೂ ಅಷ್ಟೇ. ಸೂಪರ್‌ವೈಸರ್‌ಗಳಿಗೆ ನಮ್ಮಲ್ಲಿ ಓಟಿ ಇಲ್ಲ, ಹಾಗಾಗಿ ಕೊಟ್ಟದ್ದನ್ನು ಹಿಂದಕ್ಕೆ ಪಡೆದಿದ್ದರು. ಈ ಕಡಿತದಿಂದ ಪಿಎಫ್ ಸಾಲು ಅಲುಗಾಡದೆ ಇದ್ದದ್ದು ಈ ಊಹೆಗೆ ಇನ್ನೊಂದು ಆಧಾರ, ಏಕೆಂದರೆ ಓಟಿ ಹಣದ ಮೇಲೆ ಪಿಎಫ್ ಕಡಿಯುವುದಿಲ್ಲ.

ಮೊದಲು ಕಳುಹಿಸಿದ ಇಮೇಲ್ ಒಂದೂವರೆ ಪುಟವಿತ್ತು. ಎಷ್ಟು ವರ್ಷ ದುಡಿದೆ, ರಾತ್ರಿ ಪಾಳಿಯಲ್ಲಿ ಯಾವ ಯಂತ್ರ ನೋಡಿಕೊಂಡೆ ಎಂಬುದೆಲ್ಲವೂ ಅದರಲ್ಲಿತ್ತು. ‘ನಿಯಮಾನುಸಾರ ಸಂಸ್ಕರಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ನಂತರ ಹಿರಿಯರ ಮಾತಿನಂತೆ ಎರಡು ಪ್ರತ್ಯೇಕ ಟಿಕೆಟ್ ಹಾಕಿದೆ. ಎರಡೂ ನಾಲ್ಕೈದು ದಿನಗಳಲ್ಲಿ ಮುಚ್ಚಿಹೋದವು, ಹಣವಂತೂ ಬರಲಿಲ್ಲ. ಆದರೆ ಎರಡನ್ನು ಇಬ್ಬರು ಬೇರೆ ಬೇರೆ ಸಿಬ್ಬಂದಿ ನೋಡಿದ್ದರು. ಬಾಕಿಯ ಟಿಕೆಟ್‌ಗೆ ಬಂದ ಉತ್ತರ: ‘ನಿಮ್ಮ ಬಡ್ತಿಯು ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಆದ್ದರಿಂದ ಅರಿಯರ್ಸ್ ಅನ್ವಯಿಸುವುದಿಲ್ಲ.’ ಕಡಿತದ ಟಿಕೆಟ್‌ಗೆ ಬಂದ ಉತ್ತರ: ‘ನಿಮ್ಮ ಬಡ್ತಿಯು ಜುಲೈ 1ರಿಂದ ಜಾರಿಯಲ್ಲಿರುವುದರಿಂದ ಆ ಅವಧಿಯ ಓಟಿಗೆ ನೀವು ಅರ್ಹರಲ್ಲ.’

ಈ ಎರಡು ಉತ್ತರಗಳನ್ನು ಒಂದರ ಕೆಳಗೆ ಒಂದಾಗಿ ಇಟ್ಟ ಮೇಲೆ ನನ್ನ ಕಡೆಯಿಂದ ವಾದ ಮಾಡಬೇಕಾದ ಅಗತ್ಯವೇ ಉಳಿಯಲಿಲ್ಲ. ಪತ್ರದ ತಿರುಳು ಇಷ್ಟೇ ಇತ್ತು:

‘ವಿಷಯ: ಬಡ್ತಿಯ ಜಾರಿ ದಿನಾಂಕವನ್ನು ಖಚಿತಪಡಿಸುವ ಕುರಿತು. ಮಾನ್ಯರೇ, ನನ್ನ ಎರಡು ಟಿಕೆಟ್‌ಗಳಿಗೆ ತಾವು ನೀಡಿರುವ ಉತ್ತರಗಳಲ್ಲಿ ಬಡ್ತಿಯ ಜಾರಿ ದಿನಾಂಕವು ಒಂದರಲ್ಲಿ ಜುಲೈ 1 ಎಂದೂ ಇನ್ನೊಂದರಲ್ಲಿ ಅಕ್ಟೋಬರ್ 1 ಎಂದೂ ಇರುತ್ತದೆ. ಜುಲೈ 1 ಸರಿಯಾದಲ್ಲಿ ಮೂರು ತಿಂಗಳ ವ್ಯತ್ಯಾಸದ ಮೊತ್ತ ರೂ. 16,800 ನನಗೆ ಬರಬೇಕಾಗಿರುತ್ತದೆ. ಅಕ್ಟೋಬರ್ 1 ಸರಿಯಾದಲ್ಲಿ ಅದಕ್ಕಿಂತ ಹಿಂದಿನ ಅವಧಿಯ ಓಟಿಯನ್ನು ಹಿಂಪಡೆಯಲು ಕಾರಣವಿರುವುದಿಲ್ಲ. ಬಡ್ತಿ ಆದೇಶದಲ್ಲಿರುವ ದಿನಾಂಕ ಜುಲೈ 1. ಸರಿಯಾದ ದಿನಾಂಕವನ್ನು ಲಿಖಿತವಾಗಿ ತಿಳಿಸಿ, ಅದರಂತೆ ಈ ತಿಂಗಳ ಸಂಬಳದಲ್ಲಿ ಸರಿಪಡಿಸಬೇಕಾಗಿ ಕೋರುತ್ತೇನೆ.’

ವಿಷಯದ ಸಾಲಿನಲ್ಲಿ ‘ತಪ್ಪು’, ‘ದೂರು’, ‘ಅನ್ಯಾಯ’ ಎಂಬ ಪದಗಳು ಇಲ್ಲದಿರುವುದನ್ನು ಗಮನಿಸಬಹುದು. ದಿನಾಂಕ ಖಚಿತಪಡಿಸಿ ಎಂದರೆ ಯಾರೋ ಒಬ್ಬರು ಕಡತ ತೆರೆದು ನೋಡಲೇಬೇಕಾಗುತ್ತದೆ. ದೂರು ಎಂದರೆ ಸಿದ್ಧ ಉತ್ತರವೊಂದು ಕಾದಿರುತ್ತದೆ. ಲೆಕ್ಕವನ್ನು ಎಕ್ಸೆಲ್ ಕಡತವಾಗಿ ಲಗತ್ತಿಸದೆ ಪತ್ರದ ಒಳಗೇ ಬರೆದೆ. ಹಿಂದೊಮ್ಮೆ ಕ್ಯಾಂಟೀನ್ ಕಡಿತದ ವಿಚಾರದಲ್ಲಿ ಸಹೋದ್ಯೋಗಿಯೊಬ್ಬರಿಗಾಗಿ ಎರಡೂ ರೀತಿಯಲ್ಲಿ ಕಳುಹಿಸಿ ನೋಡಿದ್ದೆ, ಲಗತ್ತನ್ನು ಯಾರೂ ತೆರೆದಿರಲಿಲ್ಲ. ಅದೇ ಸಂದರ್ಭದಲ್ಲಿ ಕನ್ನಡದಲ್ಲೊಂದು ಇಂಗ್ಲಿಷಿನಲ್ಲೊಂದು ಕಳುಹಿಸಿಯೂ ನೋಡಿದ್ದುಂಟು. ನಮ್ಮ ಪೇರೋಲ್ ಕೆಲಸ ಹೊರಗಿನ ಸಂಸ್ಥೆಯದ್ದಾದ್ದರಿಂದ ಕನ್ನಡದ ಪತ್ರ ಕಾರ್ಖಾನೆಯ ಎಚ್‌ಆರ್ ಮೇಜಿಗೆ ತಿರುಗಿ ಬಂತು, ಇಂಗ್ಲಿಷಿನದು ನೇರ ಹೋಯಿತು. ಹಾಗಾಗಿ ಈ ಸಲ ಪೇರೋಲ್‌ಗೆ ಇಂಗ್ಲಿಷಿನಲ್ಲಿ ಕಳುಹಿಸಿ, ಎಚ್‌ಆರ್‌ಗೆ ಕನ್ನಡದ ಮುದ್ರಿತ ಪ್ರತಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಇಮೇಲ್ ಪ್ರತಿಯನ್ನು ಇನ್ನೂ ಒಬ್ಬರಿಗೆ ಕಳುಹಿಸಿದ್ದೆ. ಅವರು ಯಾರೆಂಬುದನ್ನು ಇಲ್ಲಿ ಹೇಳುವುದಿಲ್ಲ, ಮುಂದೆಯೂ ಬೇಕಾಗಬಹುದು.

ಸಂಬಳದ ಇನ್‌ಪುಟ್ ಮುಚ್ಚುವ ದಿನ, ಅಂದರೆ ಆ ತಿಂಗಳ ಲೆಕ್ಕಕ್ಕೆ ಬದಲಾವಣೆ ಸೇರಿಸಬಹುದಾದ ಕೊನೆಯ ದಿನ, ನಮ್ಮಲ್ಲಿ 20ನೇ ತಾರೀಖು. ಪತ್ರ ಅದಕ್ಕೆ ವಾರ ಮೊದಲೇ ತಲುಪಿತ್ತಾದರೂ ಉತ್ತರ ಬಂದದ್ದು 20 ಕಳೆದ ಮೇಲೆ, ಆದ್ದರಿಂದ ನವೆಂಬರ್ ಸಂಬಳ ಬರಿದೇ ಹೋಯಿತು. ಉತ್ತರದಲ್ಲಿ ಜುಲೈ 1 ಎಂದು ಒಪ್ಪಿಕೊಂಡು ಬಾಕಿ ಕೊಡಲು ಸಿದ್ಧರಾದರು, ಆದರೆ ಓಟಿಯನ್ನು ಬಿಡಲಿಲ್ಲ. ಇದನ್ನು ನಾನು ನಿರೀಕ್ಷಿಸಿದ್ದೆ. ಎರಡನೆಯ ಪತ್ರಕ್ಕೆ ಮೂರು ತಿಂಗಳ ಓಟಿ ಚೀಟಿಗಳ ನಕಲನ್ನು ಹಚ್ಚಿದೆ. ಪ್ರತಿ ಚೀಟಿಯಲ್ಲೂ ಹುದ್ದೆ ‘ಆಪರೇಟರ್’ ಎಂದಿತ್ತು, ಯಂತ್ರದ ಸಂಖ್ಯೆ ಇತ್ತು, ಉತ್ಪಾದನಾ ವ್ಯವಸ್ಥಾಪಕರ ಸಹಿ ಇತ್ತು. ಆದೇಶ ಕೈಗೆ ಬರುವವರೆಗೆ ನಾನು ಆಪರೇಟರ್ ಕೆಲಸವನ್ನೇ ಮಾಡಿದ್ದೇನೆ, ಅನುಮೋದಿತ ಹೆಚ್ಚುವರಿ ಗಂಟೆಗಳಲ್ಲಿ ದುಡಿದಿದ್ದೇನೆ, ಆ ದುಡಿಮೆಯ ಕೂಲಿಯನ್ನು ಹಿಂದಿನ ದಿನಾಂಕದ ಆದೇಶದಿಂದ ಅಳಿಸುವುದಾದರೆ ಅದಕ್ಕೆ ಆಧಾರವಾದ ನಿಯಮವನ್ನು ತಿಳಿಸಿ ಎಂದು ಕೇಳಿದೆ. ಅಂಥ ನಿಯಮ ಅವರಿಗೆ ಸಿಗಲಿಲ್ಲ. ಈ ಚೀಟಿಗಳನ್ನು ಮೊದಲ ಪತ್ರದಲ್ಲೇ ಇಡದೆ ಉಳಿಸಿಕೊಂಡದ್ದು ಬೇಕೆಂದೇ: ಮೊದಲು ದಿನಾಂಕ ಲಿಖಿತವಾಗಿ ಸಿಗಲಿ, ಆಮೇಲೆ ಉಳಿದದ್ದು.

ಡಿಸೆಂಬರ್ ಪೇ ಸ್ಲಿಪ್‌ನಲ್ಲಿ 16,800 ಮತ್ತು 8,700 ಎರಡೂ ಬಂದವು. ಆದರೆ ಇಂಥ ಕಡೆ ಹಣ ಬಂದ ಸಂತೋಷದಲ್ಲಿ ಸ್ಲಿಪ್ ಮಡಚಿಡಬಾರದು. ಬಾಕಿಯ ಮೇಲೆ 1,008 ರೂಪಾಯಿ ಪಿಎಫ್ ಕಡಿದಿದ್ದರು. ನನ್ನ ಹಳೆಯ ಮೂಲ ವೇತನ 14,200, ಹೊಸದು 17,000. ವ್ಯತ್ಯಾಸ 2,800ರ ಶೇ. 12ರಂತೆ ಮೂರು ತಿಂಗಳಿಗೆ ಲೆಕ್ಕ ಹಾಕಿದ್ದರು. ಆದರೆ ನಮ್ಮ ಕಂಪನಿ ಪಿಎಫ್ ಅನ್ನು 15,000ದ ಮಿತಿಗೆ ಮಾತ್ರ ಕಟ್ಟುತ್ತದೆ. ಹಳೆಯ ಸಂಬಳಕ್ಕೆ ತಿಂಗಳಿಗೆ 1,704 ಕಡಿದಾಗಿತ್ತು, ಮಿತಿಯ ಪ್ರಕಾರ 1,800, ಅಂದರೆ ತಿಂಗಳಿಗೆ 96ರಂತೆ ಕಡಿಯಬೇಕಾದದ್ದು ಒಟ್ಟು 288 ಮಾತ್ರ. ಪೂರ್ತಿ ಮೂಲ ವೇತನದ ಮೇಲೆ ಪಿಎಫ್ ಕಟ್ಟುವ ಕಡೆ 1,008 ಸರಿಯೇ ಆಗಿರುತ್ತದೆ, ಆದ್ದರಿಂದ ಬರೆಯುವ ಮೊದಲು ಹೊಸ ಸಂಬಳದ ಸ್ಲಿಪ್‌ನಲ್ಲಿ ಪಿಎಫ್ 1,800 ಇದೆಯೋ ಅದಕ್ಕಿಂತ ಹೆಚ್ಚಿದೆಯೋ ನೋಡಿಕೊಳ್ಳಬೇಕು. ನನ್ನ ಅಕ್ಟೋಬರ್ ಸ್ಲಿಪ್‌ನಲ್ಲಿ 1,800 ಇತ್ತು, ಆ ಒಂದು ಸಾಲನ್ನೇ ತೋರಿಸಿದೆ.

ಪತ್ರದ ನಕಲು ಕೇಳಿದ ಇಬ್ಬರಲ್ಲಿ ಒಬ್ಬರಿಗೆ ಇದು ಉಪಯೋಗಕ್ಕೆ ಬರಲಿಲ್ಲ. ಅವರ ಬಡ್ತಿ ಆದೇಶದ ಕೊನೆಯಲ್ಲಿ ‘ಆರ್ಥಿಕ ಸೌಲಭ್ಯವು ಅಕ್ಟೋಬರ್ 1ರಿಂದ’ ಎಂಬ ಸಾಲಿತ್ತು. ಅಂಥ ಸಾಲಿದ್ದರೆ ಹುದ್ದೆ ಒಂದು ದಿನಾಂಕದಿಂದ, ಹಣ ಇನ್ನೊಂದು ದಿನಾಂಕದಿಂದ ಎಂದಾಗುತ್ತದೆ, ಮತ್ತು ಬಾಕಿ ಕೇಳಲು ಆಧಾರವಿಲ್ಲ. ಅವರು ಓಟಿಯನ್ನಷ್ಟೇ ಕೇಳಿ ಬರೆದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಪಿಎಫ್‌ನಲ್ಲಿ ಹೆಚ್ಚಾಗಿ ಕಡಿದಿದ್ದ ನನ್ನ 720 ರೂಪಾಯಿ ಜನವರಿ ಸಂಬಳದಲ್ಲಿ ಸೇರಿತು.