ಕಾಕು ಕೊಟ್ಟ ಚಕ್ಕುಲಿ ಚೀಟಿ: ಮರಾಠಿ ಅಳತೆಯನ್ನು ನಮ್ಮ ಅಡುಗೆಮನೆಗೆ ತರುವುದು ಹೇಗೆ?

ಬೆಳಗಾವಿಯಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯ ಕಾಕು ಪ್ರತಿ ದೀಪಾವಳಿಗೆ ಒಂದು ಡಬ್ಬಿ ಚಕ್ಕುಲಿ ಕೊಡುತ್ತಿದ್ದರು. ನಮ್ಮ ಹಾಸನದ ಕಡೆಯ ಅಕ್ಕಿಹಿಟ್ಟಿನ ಚಕ್ಕುಲಿಯಂತಲ್ಲ ಅದು. ಬಣ್ಣ ಸ್ವಲ್ಪ ಗಾಢ, ಮುರಿದರೆ ಕೊತ್ತಂಬರಿ ಬೀಜದ ಘಮ. ಮನೆ ಖಾಲಿ ಮಾಡುವ ದಿನ ಅವರು ಪೋಸ್ಟ್‌ಕಾರ್ಡಿನಷ್ಟು ದಪ್ಪ ರಟ್ಟಿನ ಮೇಲೆ ಎರಡೂ ಬದಿ ಮರಾಠಿಯಲ್ಲಿ ಬರೆದ ವಿಧಾನವನ್ನು ಕೈಗಿಟ್ಟರು. ಹಿಂದಿ ಓದಲು ಬರುವ ನನಗೆ ಅದನ್ನು ಕನ್ನಡಕ್ಕೆ ಇಳಿಸುವುದು ಅರ್ಧ ಗಂಟೆಯ ಕೆಲಸ ಅನ್ನಿಸಿತ್ತು. ಮೂರು ಸಲ ಹಿಟ್ಟು ಹಾಳಾದ ಮೇಲೆ ತಿಳಿಯಿತು, ಲಿಪಿ ಓದುವುದೇ ಬೇರೆ, ಅಡುಗೆ ಓದುವುದೇ ಬೇರೆ. ಇಂಥ ಚೀಟಿ ನಿಮ್ಮ ಮನೆಯಲ್ಲೂ ಇದ್ದರೆ ನಾನು ಕೊನೆಗೆ ಹಿಡಿದ ದಾರಿ ಇದು.

ಮೊದಲು ನಕಲು, ಆಮೇಲೆ ಅರ್ಥ

ಚೀಟಿ ನೋಡುತ್ತಲೇ ಕನ್ನಡದಲ್ಲಿ ಬರೆಯಲು ಹೋಗಬೇಡಿ. ಒಂದು ಹಾಳೆಯಲ್ಲಿ ಪ್ರತಿ ಸಾಲನ್ನೂ ಇದ್ದ ಹಾಗೆಯೇ, ಕನ್ನಡ ಅಕ್ಷರದಲ್ಲಿ ಇಳಿಸಿಕೊಳ್ಳಿ. ನನ್ನ ಚೀಟಿಯ ಮುಂಬದಿ ಹೀಗಿತ್ತು: ತಾಂದೂಳ 4 ವಾಟ್ಯಾ (ಅರ್ಧಾ ಕಿಲೋ), ಹರಭರಾ ಡಾಳ 2 ವಾಟ್ಯಾ, ಉಡೀದ ಡಾಳ 1 ವಾಟೀ, ಮೂಗ ಡಾಳ ಅರ್ಧೀ ವಾಟೀ, ಧಣೇ ಪಾವ ವಾಟೀ, ಜಿರೇ 2 ಚಮಚೇ.

ಸಾಮಾನುಗಳ ಹೆಸರು ಸುಲಭ. ಅಕ್ಕಿ, ಕಡ್ಲೆಬೇಳೆ, ಉದ್ದಿನಬೇಳೆ, ಹೆಸರುಬೇಳೆ, ಕೊತ್ತಂಬರಿ ಬೀಜ, ಜೀರಿಗೆ. ಎಡವುವುದು ಹಿಂಬದಿಯಲ್ಲಿ. ಅಲ್ಲಿ ಒಂದು ಸಾಲಿನಲ್ಲಿ ‘ಪೀಠ’, ಅದರ ಕೆಳಗೇ ‘ಮೀಠ’. ಪೀಠ ಎಂದರೆ ಹಿಟ್ಟು, ಮೀಠ ಎಂದರೆ ಉಪ್ಪು. ನಾಗರಿ ಲಿಪಿಯ ‘ಪ’ಕ್ಕೂ ‘ಮ’ಕ್ಕೂ ಇರುವ ವ್ಯತ್ಯಾಸ ಎಡಗಡೆಯ ಒಂದು ಪುಟ್ಟ ಗಂಟು ಮಾತ್ರ. ಬರೆಯುವ ಕೈ ಅವಸರದಲ್ಲಿದ್ದರೆ ಆ ಗಂಟು ಮಾಯವಾಗುತ್ತದೆ. ಸಾಲದ್ದಕ್ಕೆ ಹಿಂದಿ ಬಲ್ಲವರಿಗೆ ‘ಮೀಠ’ ಎಂದ ಕೂಡಲೇ ಸಿಹಿ ನೆನಪಾಗುತ್ತದೆ. ಇಂಥಲ್ಲಿ ಅಕ್ಷರವನ್ನೇ ದಿಟ್ಟಿಸಿ ಕೂರುವ ಬದಲು ಪಕ್ಕದ ಅಳತೆ ನೋಡಿ. ‘ಚವೀಪುರತೇ’, ಅಂದರೆ ರುಚಿಗೆ ತಕ್ಕಷ್ಟು ಎಂದಿದ್ದರೆ ಅದು ಉಪ್ಪೇ. ಹಿಟ್ಟನ್ನು ಯಾರೂ ರುಚಿಗೆ ತಕ್ಕಷ್ಟು ಹಾಕುವುದಿಲ್ಲ. ಹಾಗೆಯೇ ‘ತಿಖಟ’ ಎಂದರೆ ಖಾರ ಎಂಬ ಗುಣವೂ ಹೌದು, ಖಾರದ ಪುಡಿಯೂ ಹೌದು. ಮುಂದೆ ಚಮಚದ ಲೆಕ್ಕವಿದ್ದರೆ ಪುಡಿ ಎಂದೇ ತಿಳಿಯಿರಿ.

ಕಾಲು, ಅರೆ, ಮುಕ್ಕಾಲು

‘ಪಾವ ವಾಟೀ’ ಎಂದು ಓದಿದಾಗ ನನ್ನ ತಲೆಗೆ ಬಂದದ್ದು ನಮ್ಮ ಪಾವು, ಸೇರಿನ ಕಾಲು ಭಾಗ ಹಿಡಿಯುವ ಅಳತೆಯ ಪಾತ್ರೆ. ಒಂದು ಪಾವು ತುಂಬ ಕೊತ್ತಂಬರಿ ಬೀಜ ಸುರಿದೆ. ಮರಾಠಿಯಲ್ಲಿ ಪಾವ ಎಂಬುದು ಪಾತ್ರೆಯಲ್ಲ, ಬರೀ ‘ಕಾಲು’ ಎನ್ನುವ ಲೆಕ್ಕ. ಪಾವ ವಾಟೀ ಎಂದರೆ ಕಾಲು ಬಟ್ಟಲು, ಪಾವ ಚಮಚಾ ಎಂದರೆ ಕಾಲು ಚಮಚ. ಎರಡೂ ಒಂದೇ ಬೇರಿನ ಮಾತುಗಳಾದ್ದರಿಂದಲೇ ಮೋಸ ಹೋಗುವುದು.

ಉಳಿದವನ್ನು ಹೀಗೆ ನೆನಪಿಡಬಹುದು. ಪಾಊಣ ಎಂದರೆ ಮುಕ್ಕಾಲು, ಸವ್ವಾ ಎಂದರೆ ಒಂದೂಕಾಲು, ದೀಡ ಎಂದರೆ ಒಂದೂವರೆ, ಅಡೀಚ ಎಂದರೆ ಎರಡೂವರೆ. ‘ಪಾವಣೇ’ ಮುಂದೆ ಬಂದರೆ ಕಾಲು ಕಳೆಯಬೇಕು, ಕೂಡಿಸಬಾರದು. ನನ್ನ ಚೀಟಿಯಲ್ಲಿ ನೀರು ‘ಪಾವಣೇದೋನ ವಾಟ್ಯಾ’ ಎಂದಿತ್ತು. ನಾನು ಎರಡೂಕಾಲು ಎಂದುಕೊಂಡೆ, ಅದು ಒಂದೂಮುಕ್ಕಾಲು. ಆ ಹೆಚ್ಚುವರಿ ಅರ್ಧ ಬಟ್ಟಲು ನೀರಿಗೆ ಹಿಟ್ಟು ಸಡಿಲವಾಗಿ, ಚಕ್ಕುಲಿ ಮುಳ್ಳು ಏಳದೆ ಎಣ್ಣೆ ಕುಡಿದು ಮೆತ್ತಗಾಯಿತು.

ಹಳೆಯ ಕಾಲದವರ ಬರವಣಿಗೆಯಲ್ಲಿ ಇನ್ನೊಂದು ಗುರುತು ಸಿಗುತ್ತದೆ. ಕಾಕು ‘ಭಾಜಣೀಚೇ ಪೀಠ 2॥ ವಾಟ್ಯಾ’ ಎಂದು ಬರೆದಿದ್ದರು. ನಾನು ಅದನ್ನು ಇನ್ನೂರ ಹನ್ನೊಂದು ಎಂದು ಓದಿ ಕಕ್ಕಾಬಿಕ್ಕಿಯಾದೆ. ಅಂಕಿಯ ಮುಂದಿನ ಒಂದು ನಿಲುಗೆರೆ ಕಾಲು, ಎರಡು ಗೆರೆ ಅರೆ, ಮೂರು ಗೆರೆ ಮುಕ್ಕಾಲು. ಅಂದರೆ ಅದು ಎರಡೂವರೆ ಬಟ್ಟಲು. ಅಜ್ಜಿಯರ ಚೀಟಿಯಲ್ಲಿ ಅಂಕಿಯ ಪಕ್ಕ ಗೆರೆ ಕಂಡರೆ ಪೂರ್ಣವಿರಾಮ ಎಂದು ದಾಟಿಬಿಡಬೇಡಿ.

ಅವರ ಬಟ್ಟಲು ಎಷ್ಟು ದೊಡ್ಡದು?

ವಾಟಿ ಎಂದರೆ ಬಟ್ಟಲು ಎನ್ನುವುದು ಸರಿ, ಆದರೆ ಯಾವ ಬಟ್ಟಲು? ಎಲ್ಲವೂ ವಾಟಿಯಲ್ಲೇ ಇದ್ದರೆ ಚಿಂತೆಯಿಲ್ಲ, ಯಾವುದಾದರೂ ಒಂದೇ ಬಟ್ಟಲನ್ನು ಕೊನೆಯವರೆಗೆ ಹಿಡಿದರೆ ಪ್ರಮಾಣ ಕೆಡುವುದಿಲ್ಲ. ಚಮಚ, ಸೌಟು ಜೊತೆಗೆ ಸೇರಿದಾಗ ಗಾತ್ರ ತಿಳಿಯಲೇಬೇಕು.

ಚೀಟಿಯಲ್ಲಿ ಒಂದೇ ವಸ್ತುವಿಗೆ ಎರಡು ಅಳತೆ ಎಲ್ಲಾದರೂ ಇದೆಯೇ ಎಂದು ಹುಡುಕಿ. ನನಗೆ ಮೊದಲ ಸಾಲಲ್ಲೇ ಸಿಕ್ಕಿತು: ಅಕ್ಕಿ ನಾಲ್ಕು ವಾಟಿ, ಆವರಣದಲ್ಲಿ ಅರ್ಧ ಕಿಲೋ. ಅರ್ಧ ಕಿಲೋ ಅಕ್ಕಿ ತೂಗಿಸಿ ನಾಲ್ಕು ಪಾಲು ಮಾಡಿದೆ. ಒಂದು ಪಾಲು 125 ಗ್ರಾಂ. ಮನೆಯ ಬಟ್ಟಲುಗಳಿಗೆ ಒಂದೊಂದಾಗಿ ಸುರಿದು ನೋಡಿದರೆ, ನಾವು ಸಾರು ಕುಡಿಯುವ ಚಿಕ್ಕ ಸ್ಟೀಲ್ ಬಟ್ಟಲಿಗೆ ತಲೆ ಸವರಿದಂತೆ ಸರಿಯಾಗಿ ಕೂತಿತು. ಅದೇ ಬಟ್ಟಲಲ್ಲಿ ನೀರು ಅಳೆದರೆ ಸುಮಾರು 150 ಮಿಲಿ. ಅಂಗಡಿಯ ಅಳತೆ ಕಪ್ಪು 240 ಮಿಲಿ ಹಿಡಿಯುತ್ತದೆ, ಹಾಗಾಗಿ ವಾಟಿಯನ್ನು ಕಪ್ಪು ಎಂದು ಬರೆದುಕೊಂಡಿದ್ದರೆ ಎಣ್ಣೆ, ಉಪ್ಪು, ಖಾರ ಎಲ್ಲವೂ ಸಾಲದೆ ಬರುತ್ತಿತ್ತು.

ಎಣ್ಣೆಗೆ ‘ಏಕ ಪಳೀ’ ಎಂದಿತ್ತು. ಪಳಿ ಎಂದರೆ ಉದ್ದ ಹಿಡಿಯ ಚಿಕ್ಕ ಸೌಟು, ನಾವು ಒಗ್ಗರಣೆಗೆ ಎಣ್ಣೆ ತೆಗೆಯುವಂಥದ್ದು. ನನ್ನ ಲೆಕ್ಕಕ್ಕೆ ಎರಡು ದೊಡ್ಡ ಚಮಚ ಸರಿಹೋಯಿತು.

ಕ್ರಿಯಾಪದವೇ ಅಡುಗೆ

ಅಳತೆ ತಪ್ಪಿದರೆ ತಿದ್ದಬಹುದು, ಕ್ರಿಯಾಪದ ತಪ್ಪಿದರೆ ತಿಂಡಿಯೇ ಬದಲಾಗುತ್ತದೆ. ಚೀಟಿಯ ನಡುವಿನ ಸಾಲು: ‘ವೇಗವೇಗಳೇ ಮಂದ ಆಚೇವರ ಖಮಂಗ ಭಾಜಾವೇ’. ಭಾಜಣೇ ಎಂಬ ಮಾತಿಗೆ ಬಜ್ಜಿಯ ನೆನಪಾಗಿ ನಾನು ಬೇಳೆಗಳನ್ನು ಎಣ್ಣೆಯಲ್ಲಿ ಕರಿದುಬಿಟ್ಟೆ. ಗಿರಣಿಯವರು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಕಲ್ಲಿಗೆ ಅಂಟುತ್ತದೆ ಎಂದು ಹಾಗೆಯೇ ವಾಪಸು ಕೊಟ್ಟರು. ಕಾಕುಗೆ ಫೋನ್ ಮಾಡಿದಾಗ ಅವರು ತಮ್ಮ ಬೆಳಗಾವಿ ಕನ್ನಡದಲ್ಲಿ, “ಎಣ್ಣಿ ಹನಿನೂ ಬ್ಯಾಡ ಬಾಳಾ, ಬರೇ ಬಾಣಲಿಯೊಳಗ ಹುರಿ” ಎಂದರು.

ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕೆ ಮರಾಠಿಯಲ್ಲಿ ತಳಣೇ. ಸ್ವಲ್ಪ ಎಣ್ಣೆಯಲ್ಲಿ ಬಾಡಿಸುವುದು, ಹುರಿಯುವುದು ಪರತಣೇ. ಭಾಜಣೇ ಎಂದರೆ ಎಣ್ಣೆಯಿಲ್ಲದ ಶಾಖ. ಆದರೆ ಕನ್ನಡದಲ್ಲಿ ಇದಕ್ಕೆ ಒಂದೇ ಮಾತು ಸಾಲದು. ಧಾನ್ಯಕ್ಕೆ ಬಂದರೆ ಹುರಿಯುವುದು, ಪೋಳಿಗೆ ಬಂದರೆ ಕಾವಲಿಯ ಮೇಲೆ ಬೇಯಿಸುವುದು, ಬದನೆಕಾಯಿಗೆ ಬಂದರೆ ಸುಡುವುದು. ಹಾಗಾಗಿ ಕ್ರಿಯಾಪದವನ್ನು ಒಂಟಿಯಾಗಿ ಅನುವಾದಿಸಬೇಡಿ, ಅದು ಯಾವ ಪದಾರ್ಥದ ಮೇಲೆ ನಡೆಯುತ್ತಿದೆ ಎಂದು ನೋಡಿ ಕನ್ನಡದ ಮಾತು ಆರಿಸಿ.

ಆ ಸಾಲಿನ ಉಳಿದ ಪದಗಳೂ ಮುಖ್ಯ. ವೇಗವೇಗಳೇ ಎಂದರೆ ಬೇರೆಬೇರೆಯಾಗಿ, ವೇಗವಾಗಿ ಅಲ್ಲ. ಅಕ್ಕಿ ಹಗುರಾಗಿ ಹಲ್ಲಿಗೆ ಕಟುಂ ಎನ್ನುವ ಹೊತ್ತಿಗೆ ಹೆಸರುಬೇಳೆ ಸೀದೇ ಹೋಗಿರುತ್ತದೆ, ಒಟ್ಟಿಗೆ ಹುರಿಯಬಾರದು ಎನ್ನುವುದು ಅದಕ್ಕೇ. ಮಂದ ಆಚ ಎಂದರೆ ಸಣ್ಣ ಉರಿ. ಖಮಂಗ ಎಂಬುದಕ್ಕೆ ನಾನು ‘ಘಮ್ಮೆನ್ನುವವರೆಗೆ’ ಎಂದು ಬರೆದುಕೊಂಡೆ. ಬಣ್ಣ ಕಂದಾಗುವವರೆಗೆ ಕಾದರೆ ತಡವಾಯಿತು, ಹಿಟ್ಟು ಕಹಿಯಾಗುತ್ತದೆ. ಇದಕ್ಕೂ ಮೊದಲು ಅಕ್ಕಿಯನ್ನು ತೊಳೆದು ನೆರಳಿನಲ್ಲಿ ಪೂರ್ತಿ ಆರಿಸಿರಬೇಕು.

ಇನ್ನೊಂದು ಜೋಡಿ ಉಕಳಣೇ ಮತ್ತು ಉಕಡಣೇ. ಮೊದಲನೆಯದು ನೀರು, ಹಾಲು ಕುದಿಸುವುದು. ಎರಡನೆಯದು ಆಲೂಗಡ್ಡೆಯಂಥದ್ದನ್ನು ಬೇಯಿಸುವುದು. ಅದರಿಂದಲೇ ಬಂದ ‘ಉಕಡ’ ಎಂದರೆ ಕುದಿಯುವ ನೀರಿಗೆ ಹಿಟ್ಟು ಸುರಿದು, ಕಲಕಿ, ಮುಚ್ಚಿಡುವುದು. ನಾವು ಅಕ್ಕಿ ಕಡುಬಿಗೆ ಹಿಟ್ಟು ಬೇಯಿಸಿಕೊಳ್ಳುತ್ತೇವಲ್ಲ, ಅದೇ ಕೆಲಸ. ‘ಮೋಹನ’ ಎಂದರೆ ಹಿಟ್ಟಿಗೆ ಹಾಕುವ ಕಾದ ಎಣ್ಣೆ. ಇದಕ್ಕೆ ಒಂಟಿ ಪದ ಹುಡುಕುವ ಗೋಜಿಗೆ ಹೋಗದೆ ‘ಕಾಯಿಸಿದ ಎಣ್ಣೆ ಹಾಕಿ’ ಎಂದೇ ಬರೆಯುವುದು ಒಳ್ಳೆಯದು.

ಒಂದೇ ಒಂದು ಚಕ್ಕುಲಿ ಕರಿದು ನೋಡಿ

ನಿಮ್ಮ ಅನುವಾದ ಸರಿಯೇ ಎಂದು ಹೇಳುವುದು ಬಾಣಲಿ. ಹಿಟ್ಟು ಕಲಸಿ ಮೊದಲು ಒಂದೇ ಚಕ್ಕುಲಿ ಒತ್ತಿ ಎಣ್ಣೆಗೆ ಬಿಡಿ. ಎಣ್ಣೆಯಲ್ಲಿ ಬಿಚ್ಚಿಕೊಂಡು ಪುಡಿಯಾದರೆ ಕಾದ ಎಣ್ಣೆಯ ಅಳತೆ ಹೆಚ್ಚಾಗಿದೆ, ನಿಮ್ಮ ಸೌಟು ಅವರ ಪಳಿಗಿಂತ ದೊಡ್ಡದು. ಉಳಿದ ಹಿಟ್ಟಿಗೆ ಒಂದೆರಡು ಹಿಡಿ ಒಣ ಹಿಟ್ಟು ಸೇರಿಸಿ ನಾದಿ. ಕಲ್ಲಿನಂತೆ ಗಟ್ಟಿಯಾದರೆ ಆ ಎಣ್ಣೆ ಸಾಲದು. ಮುಳ್ಳಿಲ್ಲದೆ ಮೆತ್ತಗಾದರೆ ನೀರು ಹೆಚ್ಚು. ಒತ್ತುವಾಗಲೇ ತುಂಡಾಗಿ ಬೀಳುತ್ತಿದ್ದರೆ ನೀರು ಕಡಿಮೆ, ಕೈ ಒದ್ದೆ ಮಾಡಿಕೊಂಡು ಇನ್ನಷ್ಟು ನಾದಿದರೆ ಸಾಕು. ಏನು ತಿದ್ದಿದಿರಿ ಎಂಬುದನ್ನು ಆಗಲೇ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ, ಮರುದಿನಕ್ಕೆ ನೆನಪಿರುವುದಿಲ್ಲ.

ನಾಲ್ಕನೆಯ ಸಲ ಸರಿಬಂದ ಮೇಲೆ ನಾನು ಬರೆದಿಟ್ಟ ಕನ್ನಡ ಚೀಟಿ ಇದು:

ಸಾರಿನ ಚಿಕ್ಕ ಬಟ್ಟಲಲ್ಲಿ ತಲೆ ಸವರಿ ಅಳೆದು ಅಕ್ಕಿ 4, ಕಡ್ಲೆಬೇಳೆ 2, ಉದ್ದಿನಬೇಳೆ 1, ಹೆಸರುಬೇಳೆ ಅರ್ಧ, ಕೊತ್ತಂಬರಿ ಬೀಜ ಕಾಲು ಬಟ್ಟಲು, ಜೀರಿಗೆ 2 ಚಮಚ. ಅಕ್ಕಿ ತೊಳೆದು ನೆರಳಲ್ಲಿ ಆರಿಸಿ. ಎಲ್ಲವನ್ನೂ ಬೇರೆಬೇರೆಯಾಗಿ, ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿದ ಮೇಲೆ ಗಿರಣಿಯಲ್ಲಿ ಬೀಸಿಸಿ. ಈ ಹಿಟ್ಟು ಎರಡೂವರೆ ಬಟ್ಟಲಿಗೆ ನೀರು ಒಂದೂಮುಕ್ಕಾಲು ಬಟ್ಟಲು ಕುದಿಸಿ, ಅದಕ್ಕೆ ಕಾಯಿಸಿದ ಎಣ್ಣೆ 2 ದೊಡ್ಡ ಚಮಚ, ಖಾರದ ಪುಡಿ, ಉಪ್ಪು, ಎಳ್ಳು, ಓಮ ಹಾಕಿ. ಒಲೆ ಆರಿಸಿ ಹಿಟ್ಟು ಸುರಿದು ಕಲಕಿ ಮುಚ್ಚಿಡಿ. ಬೆಚ್ಚಗಿರುವಾಗಲೇ ನಾದಿ, ಒತ್ತಿ, ಮಧ್ಯಮ ಉರಿಯಲ್ಲಿ ಎಣ್ಣೆಯ ಗುಳ್ಳೆ ಅಡಗುವವರೆಗೆ ಕರಿಯಿರಿ.

ಇದರ ಕೆಳಗೆ, ಯಾವ ಬಟ್ಟಲು ಎಂದು ಮಕ್ಕಳಿಗೆ ಗೊತ್ತಾಗಲೆಂದು ‘150 ಮಿಲಿ’ ಎಂದೂ ಬರೆದಿದ್ದೇನೆ.