ಅಪ್ಪ ತೀರಿಕೊಂಡ ಮೇಲೆ ಅವರ ಬಾಡಿಗೆ ಅಂಗಡಿಯನ್ನು ಐದು ವರ್ಷ ಉಳಿಸಿಕೊಂಡ ಬಗೆ

2016ರ ಮಾರ್ಚ್‌ನಲ್ಲಿ ನಮ್ಮ ತಂದೆ ತೀರಿಕೊಂಡಾಗ, ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿದ್ದ ಗಡಿಯಾರ ರಿಪೇರಿಯ ಬಾಡಿಗೆ ಅಂಗಡಿಯನ್ನು ನಾನು ಉಳಿಸಿಕೊಳ್ಳಲಾರೆ ಎಂದು ಸಾಲಿನ ಅಂಗಡಿಯವರೆಲ್ಲ ಹೇಳಿದ್ದರು. ಮಾಲೀಕರಿಗೆ ಎರಡು ಮೂರು ಲಕ್ಷ ಪಗಡಿ ಕೊಟ್ಟು ಹೊಸ ಕರಾರು ಮಾಡಿಕೊಳ್ಳುವುದೇ ಕ್ಷೇಮ ಎಂಬುದು ಅವರ ಸಲಹೆಯಾಗಿತ್ತು. ನಾನು ಪಗಡಿ ಕೊಡಲಿಲ್ಲ, ಅಂಗಡಿಯನ್ನೂ ಬಿಡಲಿಲ್ಲ. ಇದೇ ಸ್ಥಿತಿಯಲ್ಲಿರುವ ಸಣ್ಣ ಅಂಗಡಿಯವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪುಗಳನ್ನು ಹೇಳುತ್ತೇನೆ. ಅಪ್ಪ ಹೋದ ಮೇಲಿನ ಮೂರು ತಿಂಗಳ ಬಾಡಿಗೆಯನ್ನು ವಾಡಿಕೆಯಂತೆ ನಗದಾಗಿಯೇ ಕೊಟ್ಟೆ, ರಸೀದಿ ಕೇಳಲಿಲ್ಲ. ಮುಂದೆ ಬಂದ ಲಾಯರ್ ನೋಟಿಸಿನಲ್ಲಿ ಆ ಮೂರೂ ತಿಂಗಳು ಬಾಕಿ ಎಂದು ಬರೆದಿತ್ತು. ಸುಮಾರು ಐದೂವರೆ ಸಾವಿರ ರೂಪಾಯಿಯನ್ನು ಎರಡನೆಯ ಸಲ ಕಟ್ಟಿದೆ. ನಾನು ಮೊದಲು ಹಿಡಿದ ವಕೀಲರು ಯಾವ ನೋಟಿಸಿಗೂ ಉತ್ತರ ಕೊಡಬೇಡಿ, ಕದಲದೆ ಕುಳಿತಿರಿ ಎಂದರು. ಅವರಿಗೆ ಹದಿನೆಂಟು ಸಾವಿರದಷ್ಟು ಖರ್ಚಾಯಿತೇ ಹೊರತು ಏನೂ ಗಿಟ್ಟಲಿಲ್ಲ. ಮೂರನೆಯ ತಪ್ಪು ಇನ್ನೂ ದೊಡ್ಡದಾಗುತ್ತಿತ್ತು. ಮಾಲೀಕರು ಕಳುಹಿಸಿದ್ದ ಹನ್ನೊಂದು ತಿಂಗಳ ಹೊಸ ಕರಾರಿಗೆ ನಾನು ಸಹಿ ಹಾಕುವವನೇ ಇದ್ದೆ. ಹಾಕಿದ್ದರೆ ತಂದೆಯಿಂದ ಬಂದ ಹಕ್ಕಿನ ಮಾತು ಅಲ್ಲಿಗೇ ಮುಗಿದು, ನಾನು ಹನ್ನೊಂದು ತಿಂಗಳ ಹೊಸ ಬಾಡಿಗೆದಾರನಷ್ಟೇ ಆಗಿ ಉಳಿಯುತ್ತಿದ್ದೆ.

ಎರಡನೆಯ ವಕೀಲರು ಮೊದಲು ಕೇಳಿದ್ದು ಅಂಗಡಿಯ ಅಳತೆಯನ್ನು. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ವ್ಯಾಪಾರದ ಜಾಗಗಳಲ್ಲಿ ಹದಿನಾಲ್ಕು ಚದರ ಮೀಟರ್ ತಳವಿಸ್ತೀರ್ಣವನ್ನು ಮೀರದವುಗಳಿಗೆ ಮಾತ್ರ ಅನ್ವಯಿಸುತ್ತದೆ. ಅಂದರೆ ಸುಮಾರು ನೂರೈವತ್ತು ಚದರ ಅಡಿ. ನಮ್ಮ ಅಂಗಡಿ ಗೋಡೆ ಸೇರಿ ಹತ್ತಕ್ಕೆ ಹದಿನೈದು ಅಡಿ, ಲೆಕ್ಕ ಹಾಕಿದರೆ 13.9 ಚದರ ಮೀಟರ್. ಮುಂದಿನ ಕಟ್ಟೆಯನ್ನೂ ಮೇಲಿನ ಅಟ್ಟವನ್ನೂ ಸೇರಿಸಬೇಕೆಂದು ಮಾಲೀಕರ ಕಡೆಯವರು ವಾದಿಸಿದರು. ಎರಡು ಸಾವಿರ ಕೊಟ್ಟು ಎಂಜಿನಿಯರ್ ಒಬ್ಬರಿಂದ ನಕ್ಷೆ ಬರೆಸಿದೆ. ಕಟ್ಟೆ ಮೋರಿಯ ಮೇಲೆ ಹಾಸಿದ ಕಲ್ಲು, ಅಟ್ಟ ಹಲಗೆಯದು ಎಂದು ಅದರಲ್ಲಿ ಸ್ಪಷ್ಟವಾಗಿ ನಮೂದಾಯಿತು. ನನ್ನ ಒಟ್ಟು ಖರ್ಚಿನಲ್ಲಿ ಇಷ್ಟು ಫಲ ಕೊಟ್ಟ ಎರಡು ಸಾವಿರ ಬೇರೆ ಇಲ್ಲ. ಕಾಯ್ದೆ ಜಾರಿಗೆ ಬಂದಾಗ ಬಾಡಿಗೆ ಸಾವಿರದ ಆಸುಪಾಸಿನಲ್ಲಿದ್ದುದರಿಂದ, ಬಾಡಿಗೆಯ ಮಿತಿ ನಮಗೆ ಅಡ್ಡಬರಲಿಲ್ಲ.

ಇನ್ನು ಸಂಬಂಧಿಕರ ವಿಷಯ. ಕಾಯ್ದೆಯ 5ನೆಯ ಕಲಮಿನ ಪ್ರಕಾರ, ಬಾಡಿಗೆದಾರನು ತೀರಿಕೊಂಡ ದಿನದಿಂದ ಐದು ವರ್ಷಗಳವರೆಗೆ ಹಕ್ಕು ಒಂದು ಕ್ರಮದಲ್ಲಿ ಹೋಗುತ್ತದೆ: ಮೊದಲು ಹೆಂಡತಿ ಅಥವಾ ಗಂಡ, ಆಮೇಲೆ ಮಗ ಮತ್ತು ಮಗಳು, ಆಮೇಲೆ ತಂದೆತಾಯಿ, ಕೊನೆಗೆ ಮೊದಲೇ ತೀರಿಕೊಂಡ ಮಗನ ವಿಧವೆ. ಅಣ್ಣತಮ್ಮಂದಿರು, ಅಳಿಯ, ಸೋದರಳಿಯ ಈ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿದ್ದರಷ್ಟೇ ಸಾಲದು, ಸಾವಿನ ದಿನದವರೆಗೂ ಆ ಜಾಗದಲ್ಲಿ ಅವರ ಜೊತೆ ವಾಸವಿರಬೇಕು ಅಥವಾ ವ್ಯಾಪಾರ ಮಾಡುತ್ತಿರಬೇಕು, ಅವರನ್ನೇ ಅವಲಂಬಿಸಿರಬೇಕು, ಮತ್ತು ತನ್ನ ಅಥವಾ ಹೆಂಡತಿಯ ಅಥವಾ ಅವಲಂಬಿತ ಮಕ್ಕಳ ಒಡೆತನದಲ್ಲಾಗಲಿ ಸ್ವಾಧೀನದಲ್ಲಾಗಲಿ ಅದೇ ಪ್ರದೇಶದಲ್ಲಿ ಬೇರೆ ಜಾಗ ಇರಬಾರದು. ಜೊತೆಯಲ್ಲಿದ್ದೂ ಅವಲಂಬಿತನಲ್ಲದವನಿಗೆ, ಅಥವಾ ಬೇರೆ ಜಾಗ ಉಳ್ಳವನಿಗೆ ಸಿಗುವುದು ಒಂದೇ ವರ್ಷ. ಆ ಒಂದು ವರ್ಷಕ್ಕೂ ಐದು ವರ್ಷಕ್ಕೂ ನಡುವಿನ ಅಂತರವೇ ನನ್ನ ಇಡೀ ಹೋರಾಟವಾಗಿತ್ತು.

ಉತ್ತರಕ್ರಿಯೆಯ ದಿನಗಳಲ್ಲೇ ಮಾಲೀಕರು ಮನೆಗೆ ಬಂದು, ನನಗೆ ಅಂಗಡಿ ಬೇಡ ಎಂಬ ಒಂದು ಕಾಗದಕ್ಕೆ ಅಮ್ಮನ ಸಹಿ ಪಡೆದಿದ್ದರು. ಕ್ರಮದಲ್ಲಿ ಹೆಂಡತಿಯೇ ಮೊದಲು, ಆಕೆಯೇ ಬಿಟ್ಟುಕೊಟ್ಟ ಮೇಲೆ ಕೆಳಗಿನವರಿಗೆ ಏನೂ ಇಳಿಯುವುದಿಲ್ಲ ಎಂಬುದು ಅವರ ವಾದ. ಮೊದಲ ವಕೀಲರು ಇದನ್ನು ಕೇಳಿಯೇ ಕೈಚೆಲ್ಲಿದ್ದರು. ನಮ್ಮ ಉತ್ತರ ಹೀಗಿತ್ತು: ಅಮ್ಮ ಒಂದು ದಿನವೂ ಅಂಗಡಿಯಲ್ಲಿ ಕುಳಿತವರಲ್ಲ, ಆದ್ದರಿಂದ ಆ ಅಂಗಡಿಯ ಮಟ್ಟಿಗೆ ಅವರಿಗೆ ಹಕ್ಕು ಬಂದೇ ಇಲ್ಲ, ಬಾರದ ಹಕ್ಕನ್ನು ಸಹಿ ಹಾಕಿ ಬಿಟ್ಟುಕೊಡುವುದು ಸಾಧ್ಯವಿಲ್ಲ. ಬೇರೆ ಊರಿನಲ್ಲಿ ನೌಕರಿಯಲ್ಲಿರುವ ಅಣ್ಣನೂ, ಮದುವೆಯಾಗಿ ಹೋಗಿರುವ ತಂಗಿಯೂ ಇದೇ ಕಾರಣಕ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಜೊತೆಯಲ್ಲಿ ವ್ಯಾಪಾರ ಮಾಡುತ್ತಿದ್ದೆ ಎಂಬುದಕ್ಕೆ ನೆರೆಯವರ ಪ್ರಮಾಣಪತ್ರಗಳನ್ನು ಒಟ್ಟುಮಾಡಿದ್ದೆ, ಅವುಗಳಿಂದ ಹೆಚ್ಚೇನೂ ಆಗಲಿಲ್ಲ. ನಮ್ಮನ್ನು ಕಾಪಾಡಿದ್ದು ರಿಪೇರಿ ಪುಸ್ತಕಗಳು. ಗಿರಾಕಿ ಗಡಿಯಾರ ಕೊಟ್ಟ ದಿನ, ಅದರ ಕಂಪನಿ, ದೋಷ, ಮುಂಗಡ ಎಲ್ಲವನ್ನೂ ಅಪ್ಪ ನೀಲಿ ಶಾಯಿಯಲ್ಲಿ ಓರೆಯಾಗಿ ಬರೆಯುತ್ತಿದ್ದರು, ನಾನು ಬಾಲ್‌ಪೆನ್ನಿನಲ್ಲಿ ನೆಟ್ಟಗೆ ಬರೆಯುತ್ತಿದ್ದೆ. ಹದಿನಾಲ್ಕು ವರ್ಷದ ಪುಸ್ತಕಗಳಲ್ಲಿ ಒಂದೇ ಪುಟದ ಮೇಲೆ ಎರಡೂ ಕೈಬರಹ ಸಾಲುಬಿಟ್ಟು ಸಾಲು ಬರುತ್ತಿದ್ದವು. ಅವಲಂಬನೆಗೆ ಪಡಿತರ ಚೀಟಿ ಮತ್ತು ಅಪ್ಪನ ಪಾಸ್‌ಬುಕ್ ಕೊಟ್ಟೆ. ನನ್ನ ಮಕ್ಕಳ ಶಾಲೆಯ ಶುಲ್ಕವೂ ಆ ಖಾತೆಯಿಂದಲೇ ಹೋಗಿತ್ತು. ಈ ದಾಖಲೆಗಳನ್ನು ಯಾವ ಹಂತದಲ್ಲಿ, ಯಾವ ಕ್ರಮದಲ್ಲಿ ಮುಂದಿಟ್ಟೆವು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದೇ ಸಾಲಿನ ಇನ್ನಿಬ್ಬರ ವ್ಯಾಜ್ಯ ನಡೆಯುತ್ತಿದೆ.

ನಡುವೆ ಗೆಳೆಯನೊಬ್ಬನ ಮಾತು ಕೇಳಿ, ಅವನನ್ನು ಪಾಲುದಾರನನ್ನಾಗಿ ಸೇರಿಸಿಕೊಳ್ಳುವ ಪತ್ರವನ್ನು ಬರೆಸಿದೆ. ಇದು ಒಳಬಾಡಿಗೆಯ ಆರೋಪಕ್ಕೆ ನೇರ ದಾರಿ ಎಂದು ವಕೀಲರು ಗದರಿದ ಮೇಲೆ ಆ ಪತ್ರವನ್ನು ಹರಿದೆ. ಪಕ್ಕದ ಬೀದಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಇನ್ನೊಂದು ಅಂಗಡಿಯನ್ನೂ ಆಗ ಹಿಡಿಯಲಿಲ್ಲ; ಬೇರೆ ಜಾಗವಿದೆ ಎಂಬ ಮಾತಿಗೆ ಆಸ್ಪದ ಕೊಡಬಾರದೆಂದು ಎರಡು ವರ್ಷ ಕಾದೆ.

ಇದೇ ಅವಧಿಯಲ್ಲಿ ಅತ್ತೆಯವರ ಮನೆಯ ಪ್ರಶ್ನೆಯೂ ಬಂತು. ಅವರು ಬಾಡಿಗೆಗಿದ್ದ ಮನೆಯಲ್ಲಿ ತೀರಿಕೊಂಡರು, ಜೊತೆಯಲ್ಲಿದ್ದದ್ದು ವಿಧವೆ ಸೊಸೆ ಮತ್ತು ಮೊಮ್ಮಕ್ಕಳು. ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆ ಕಾಯ್ದೆಯ ಹೊರಗೆ ಉಳಿಯುವುದರಿಂದ 5ನೆಯ ಕಲಮಿನ ಆಸರೆ ಅವರಿಗಿರಲಿಲ್ಲ. ಆಗ ಸಾಮಾನ್ಯ ಉತ್ತರಾಧಿಕಾರವನ್ನೇ ನೋಡಬೇಕು. ಹಿಂದೂ ಮಹಿಳೆಯ ಮೊದಲ ವರ್ಗದ ವಾರಸುದಾರರಲ್ಲಿ ತೀರಿಕೊಂಡ ಮಗನ ಮಕ್ಕಳಿದ್ದಾರೆ, ಅವನ ವಿಧವೆ ಇಲ್ಲ. ಹಾಗಾಗಿ ಪತ್ರವನ್ನು ಮೊಮ್ಮಕ್ಕಳ ಹೆಸರಿನಲ್ಲಿ ಬರೆದೆವು. ಆದರೂ ತಿಂಗಳ ಬಾಡಿಗೆಯನ್ನು ಹದಿನೈದು ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದಾದ್ದರಿಂದ, ಅಲ್ಲಿ ದೊರೆತದ್ದು ಶಾಲಾ ವರ್ಷ ಮುಗಿಯುವವರೆಗಿನ ಗಡುವು ಮಾತ್ರ.

ನನ್ನ ಅಂಗಡಿಯ ದಾವೆ ಒಂದೂವರೆ ವರ್ಷ ನಡೆದು, ನ್ಯಾಯಾಲಯದಲ್ಲಿ ರಾಜಿ ಅರ್ಜಿಯಾಯಿತು. 2021ರ ಮಾರ್ಚ್‌ವರೆಗೆ ಅದೇ ಬಾಡಿಗೆಗೆ ನಾನೇ ಬಾಡಿಗೆದಾರ, ಆಮೇಲೆ ಖಾಲಿ ಮಾಡಬೇಕು, ಅಪ್ಪ ಕೊಟ್ಟಿದ್ದ ನಲವತ್ತು ಸಾವಿರ ಮುಂಗಡ ನನಗೇ ಮರಳಬೇಕು ಎಂದು ಒಪ್ಪಿಗೆಯಾಯಿತು. ಈ ಹಕ್ಕು ನನ್ನೊಬ್ಬನದು, ನನ್ನಿಂದ ನನ್ನ ಮಗನಿಗೆ ಇಳಿಯದು ಎಂಬುದನ್ನು ತಿಳಿದೇ ಸಹಿ ಹಾಕಿದೆ. ಎರಡನೆಯ ವಕೀಲರ ಶುಲ್ಕ ಸೇರಿ ಒಟ್ಟು ಅರವತ್ತು ಸಾವಿರದ ಒಳಗೆ ಮುಗಿಯಿತು. ಆ ಐದು ವರ್ಷದಲ್ಲಿ ಹಳೆಯ ಗಿರಾಕಿಗಳಿಗೆಲ್ಲ ಹೊಸ ವಿಳಾಸ ತಿಳಿಸಲು ಸಮಯವೂ ಸಿಕ್ಕಿತು. ಕೊನೆಯ ದಿನ ಮಾಲೀಕರ ಮುಂದೆ ಅಪ್ಪನ ಮೇಜನ್ನು ಎತ್ತಿಸಿ, ಬೀಗದ ಕೈ ಕೊಟ್ಟು, ನಲವತ್ತು ಸಾವಿರದ ಚೆಕ್ಕನ್ನೂ ಜಾಗ ಹಿಂಪಡೆದ ಬಗ್ಗೆ ಅವರ ಸಹಿಯ ರಸೀದಿಯನ್ನೂ ಒಟ್ಟಿಗೇ ಪಡೆದುಕೊಂಡೆ.